ಉಂಗುರ ಬೆರಳಿನ ಉಗುರು: ಒಂದು ತ್ರಿಪತಾಕವನ್ನು ಸರಿಪಡಿಸಿದ ದಾಖಲೆ

ನಮ್ಮ ಭರತನಾಟ್ಯ ಕಾರ್ಯಕ್ರಮದ ಆಹ್ವಾನ ಪತ್ರಿಕೆಗೆಂದು ತೆಗೆಸಿದ ಚಿತ್ರವದು. ಹನ್ನೊಂದು ವರ್ಷದ ಹುಡುಗಿ ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರಮಂಡಿಯಲ್ಲಿ ಕುಳಿತು, ಎರಡೂ ಕೈಗಳನ್ನು ತಲೆಯ ಇಬ್ಬದಿಗೆ ಎತ್ತಿ, ತ್ರಿಪತಾಕ ಎಂಬ ಹಸ್ತಮುದ್ರೆಯಲ್ಲಿ ಕಿರೀಟ ತೋರಿಸುತ್ತಿದ್ದಾಳೆ. ಅಂಗೈ ಎರಡೂ ನೋಡುವವರ ಕಡೆಗಿವೆ. ತೋರುಬೆರಳು, ನಡುಬೆರಳು ಅಂಟಿಕೊಂಡು ನೇರವಾಗಿವೆ. ಕಿರುಬೆರಳು ಕಡ್ಡಿಯಂತೆ ನಿಂತಿದೆ. ಉಂಗುರ ಬೆರಳು ಮಡಿಚಿದೆ. ಚಿತ್ರ ಚೆನ್ನಾಗಿದೆ, ಅಚ್ಚಿಗೆ ಕೊಡಿ ಎಂದು ನಾನೇ ಒಪ್ಪಿಗೆ ಕೊಟ್ಟೆ.

ಅದೇ ವಾರ ಆಕೆಯ ಅಕ್ಕ ತರಗತಿಯ ಬಾಗಿಲ ಬಳಿ ಕುಳಿತು ಮೊಬೈಲ್‌ನಲ್ಲಿ ತೆಗೆದಿದ್ದ ಇನ್ನೊಂದು ಚಿತ್ರ ನನ್ನ ಕಣ್ಣಿಗೆ ಬಿತ್ತು. ಅದೇ ಹುಡುಗಿ, ಅದೇ ನಿಲುವು, ಆದರೆ ಪಕ್ಕದಿಂದ ತೆಗೆದದ್ದು. ಅದರಲ್ಲಿ ಬಲಗೈಯ ಕಿರುಬೆರಳು ಕಡ್ಡಿಯಂತಿರಲಿಲ್ಲ. ಬುಡದಿಂದಲೇ ಮುಂದಕ್ಕೆ ವಾಲಿ, ಬಾಡಿದ ಕಾಂಡದ ಹಾಗೆ ಬಾಗಿತ್ತು. ಒಂದು ಚಿತ್ರ ಸುಳ್ಳು, ಇನ್ನೊಂದು ನಿಜ ಎನ್ನುವಂತಿರಲಿಲ್ಲ, ಏಕೆಂದರೆ ಎರಡೂ ಅದೇ ಕೈಯವೇ. ಹಾಗಾದರೆ ಮುಂದಿನಿಂದ ತೆಗೆದ ಚಿತ್ರ ನನಗೆ ಹೇಳದೇ ಬಿಟ್ಟದ್ದೇನು, ಹೇಳಿಯೂ ನಾನು ಓದದೇ ಹೋದದ್ದೇನು? ಜೂನಿಯರ್ ಪರೀಕ್ಷೆಗೆ ಹೋಗಬೇಕಾದ ಹುಡುಗಿ ಅವಳು. ಪರೀಕ್ಷಕರು ನೇರ ಮುಂದೆಯೇ ಕುಳಿತಿರುತ್ತಾರೆಂಬ ಭರವಸೆಯಿಲ್ಲ. ಆ ಪ್ರಶ್ನೆಯನ್ನು ಬಿಡಿಸಲು ಬಳ್ಳಾರಿಯ ನಮ್ಮ ತರಗತಿಯಲ್ಲಿ ನಾಲ್ಕು ಭಾನುವಾರ ಮಾಡಿದ ಕೆಲಸದ ದಾಖಲೆ ಇದು.

ಮೊದಲು ಶ್ಲೋಕಕ್ಕೇ ಹೋದೆ. ತ್ರಿಪತಾಕವನ್ನು ನಾಟ್ಯಗ್ರಂಥವಾದ ಅಭಿನಯದರ್ಪಣ ಬಿಡಿಯಾಗಿ ವಿವರಿಸುವುದಿಲ್ಲ, ಪತಾಕದ ಮೇಲೆ ನಿಲ್ಲಿಸುತ್ತದೆ. ಪತಾಕಕ್ಕೆ ಹೇಳುವುದು ‘ಅಂಗುಲ್ಯಃ ಕುಂಚಿತಾಂಗುಷ್ಠಾಃ ಸಂಶ್ಲಿಷ್ಟಾಃ ಪ್ರಸೃತಾ ಯದಿ’ ಎಂದು. ಹೆಬ್ಬೆರಳು ಮಡಿಚಿರಬೇಕು, ಉಳಿದವು ಒಂದಕ್ಕೊಂದು ಸೇರಿರಬೇಕು, ನೀಳವಾಗಿ ಚಾಚಿರಬೇಕು. ಅದೇ ಕೈಯಲ್ಲಿ ಉಂಗುರ ಬೆರಳು ಬಾಗಿದರೆ ತ್ರಿಪತಾಕ: ‘ವಕ್ರಿತಾನಾಮಿಕಾಂಗುಲಿಃ’. ಮಕ್ಕಳಿಗೆ ಈ ಶ್ಲೋಕವನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಅದರ ಒಂದೊಂದು ಪದವನ್ನೂ ನೋಡಲು ಬೇರೆ ಬೇರೆ ಜಾಗದಲ್ಲಿ ನಿಲ್ಲಬೇಕು ಎಂಬುದು ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗಲೇ ಹೊಳೆಯಿತು. ‘ಸಂಶ್ಲಿಷ್ಟಾಃ’, ಅಂದರೆ ಬೆರಳುಗಳ ನಡುವೆ ಸಂದಿ ಇದೆಯೇ ಇಲ್ಲವೇ ಎಂಬುದು ಅಂಗೈಯ ಎದುರಿನಿಂದ ಕಾಣುತ್ತದೆ, ಪಕ್ಕದಿಂದ ಕಾಣುವುದೇ ಇಲ್ಲ. ‘ಪ್ರಸೃತಾಃ’, ಅಂದರೆ ಬೆರಳು ಪೂರ್ತಿ ಚಾಚಿದೆಯೇ ಅಥವಾ ಮುಂದಕ್ಕೆ ವಾಲಿದೆಯೇ ಎಂಬುದು ಪಕ್ಕದಿಂದ ಮಾತ್ರ ನಿಚ್ಚಳ. ಎದುರಿನ ಚಿತ್ರವೊಂದನ್ನೇ ಹಿಡಿದುಕೊಂಡು ಎರಡಕ್ಕೂ ತೀರ್ಪು ಕೊಟ್ಟದ್ದು ನನ್ನ ತಪ್ಪು.

ಎದುರಿನಿಂದ ವಾಲಿಕೆ ಏಕೆ ಕಾಣುವುದಿಲ್ಲ ಎಂಬುದು ಹತ್ತನೆಯ ತರಗತಿಯ ತ್ರಿಕೋನಮಿತಿ. ಮುಂದಕ್ಕೆ ವಾಲಿದ ಬೆರಳು ಚಿತ್ರದಲ್ಲಿ ಸ್ವಲ್ಪ ಗಿಡ್ಡವಾಗುತ್ತದೆ, ಅಷ್ಟೇ. ಎಷ್ಟು ಗಿಡ್ಡ ಎಂದರೆ, 20 ಡಿಗ್ರಿ ವಾಲಿದರೆ ನೂರರಲ್ಲಿ ಆರು ಪಾಲು, 30 ಡಿಗ್ರಿ ವಾಲಿದರೂ ಬರೀ ಹದಿಮೂರು ಪಾಲು. ಕಿರುಬೆರಳು ಮೊದಲೇ ಗಿಡ್ಡ. ಅದರಲ್ಲಿ ಇನ್ನೊಂದೆರಡು ಕೂದಲೆಳೆ ಕಡಿಮೆಯಾದರೆ ಯಾರ ಕಣ್ಣಿಗೂ ಬೀಳದು. ಪಕ್ಕದಿಂದ ನೋಡಿದರೆ ಅದೇ 30 ಡಿಗ್ರಿ ಎದ್ದು ಕಾಣುತ್ತದೆ.

ಹಾಗಾಗಿ ಎರಡು ಮೊಬೈಲ್‌ಗಳ ವ್ಯವಸ್ಥೆ ಕಟ್ಟುವುದೆಂದು ನಿರ್ಧರಿಸಿದೆ. ಒಂದು ಎದುರಿಗೆ, ಒಂದು ಪಕ್ಕಕ್ಕೆ.

ಮೊದಲ ಭಾನುವಾರ ಹಿನ್ನೆಲೆಗೇ ಹೋಯಿತು. ನಮ್ಮ ಹಾಲ್‌ನ ಗೋಡೆ ಬಿಳಿ ಸುಣ್ಣದ್ದು. ಬಿಳಿ ಗೋಡೆಯ ಮುಂದೆ ಮೊಬೈಲ್ ಕೈಯನ್ನು ಕಪ್ಪಾಗಿಸುತ್ತದೆ, ಬೆರಳ ನಡುವಿನ ಗೆರೆಗಳೆಲ್ಲ ಮಸಿಯಲ್ಲಿ ಮುಳುಗುತ್ತವೆ. ಕಪ್ಪು ಬೆಡ್‌ಶೀಟ್ ಕಟ್ಟಿ ನೋಡಿದೆ, ಅದು ಹೊಳೆಯಿತು. ಆಗ ಒಬ್ಬ ಹುಡುಗಿಯ ತಾಯಿ, ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವವರು, ‘ಮೇಡಂ, ನಮ್ಮಲ್ಲಿ ತುಂಡು ಬಟ್ಟೆ ಬೇಕಾದಷ್ಟು ಉಳಿಯುತ್ತದೆ, ಜೋಡಿಸಿ ಹೊಲಿದು ತರಲೇ?’ ಎಂದು ಕೇಳಿದರು. ಎರಡು ದಿನದಲ್ಲಿ ಆರಡಿ ಅಗಲ, ಏಳಡಿ ಎತ್ತರದ ಕಡುನೀಲಿ ಪರದೆ ಬಂತು. ಚರ್ಮದ ಬಣ್ಣಕ್ಕೆ ಆ ನೀಲಿಯಷ್ಟು ಒಳ್ಳೆಯ ಹಿನ್ನೆಲೆಯನ್ನು ನಾನು ಹಣ ಕೊಟ್ಟು ತಂದರೂ ಸಿಗುತ್ತಿರಲಿಲ್ಲ. ಬಟ್ಟೆ ಒರಟು, ಬೆಳಕನ್ನು ನುಂಗುತ್ತದೆ, ಗಾಳಿಗೆ ಅಲುಗಾಡದಷ್ಟು ಭಾರವೂ ಇದೆ. ಬೆರಳಿನ ಅಂಚು ಕತ್ತರಿಸಿಟ್ಟ ಹಾಗೆ ಕಾಣುತ್ತದೆ. ಪರದೆಯ ಮೇಲಿನ ತುದಿಯಿಂದ ಗಾರೆ ಕೆಲಸದವರು ಬಳಸುವ ತೂಗುಗುಂಡನ್ನು ಬಿಳಿ ದಾರದಲ್ಲಿ ಇಳಿಬಿಟ್ಟೆ. ಚಿತ್ರದಲ್ಲಿ ಆ ದಾರ ನೆಟ್ಟಗಿದ್ದರೆ ಮೊಬೈಲ್ ವಾಲಿಲ್ಲ ಎಂದರ್ಥ. ಮೊಬೈಲೇ ವಾಲಿದ್ದರೆ ಮಣಿಕಟ್ಟು ವಾಲಿದೆ ಎಂದು ತಪ್ಪು ತಿಳಿಯುವ ಅಪಾಯವಿದೆ.

ಬೆಳಕು ಒಂದೇ ಕಡೆಯಿಂದ ಬರಬೇಕು. ಟ್ಯೂಬ್‌ಲೈಟ್ ಆರಿಸಿ, ಪೂರ್ವದ ಕಿಟಕಿಯೊಂದನ್ನೇ ತೆರೆದಿಟ್ಟೆ. ಬಳ್ಳಾರಿಯ ಬಿಸಿಲು ಒಂಬತ್ತು ಗಂಟೆಗೇ ಕಣ್ಣು ಕೋರೈಸುತ್ತದೆ, ಆದ್ದರಿಂದ ಏಳರಿಂದ ಎಂಟೂವರೆಯೊಳಗೆ ಕೆಲಸ ಮುಗಿಸುವುದು. ಪಕ್ಕದ ಬೆಳಕಿನಲ್ಲಿ ಮಡಿಚಿದ ಬೆರಳಿನ ನೆರಳು ಅಂಗೈ ಮೇಲೆ ಬೀಳುತ್ತದೆ. ಬೆರಳು ಅಂಗೈಯಿಂದ ಎಷ್ಟು ದೂರ ಎದ್ದಿದೆ ಎಂಬುದಕ್ಕೆ ಆ ನೆರಳು ದೊಡ್ಡ ಸಾಕ್ಷಿ. ಫ್ಲ್ಯಾಶ್ ಹಾಕಿದರೆ ಆ ನೆರಳೇ ಸತ್ತುಹೋಗುತ್ತದೆ.

ಮೊಬೈಲ್ ಇಡುವ ಜಾಗದಲ್ಲಿ ನಾನು ಎರಡು ಬಾರಿ ಎಡವಿದೆ. ಮೊದಲ ಬಾರಿ ಸ್ಟೂಲಿನ ಮೇಲೆ, ಹುಡುಗಿಯಿಂದ ಒಂದೇ ಮೀಟರ್ ದೂರದಲ್ಲಿ ಇಟ್ಟೆ. ಅಷ್ಟು ಹತ್ತಿರದಿಂದ ತೆಗೆದರೆ ಮುಂದಕ್ಕೆ ಚಾಚಿದ ಕೈ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೈ ಮುಖಕ್ಕಿಂತ ಅರ್ಧ ಮೀಟರ್ ಮುಂದಿದ್ದರೆ, ಒಂದು ಮೀಟರಿನಿಂದ ಅದು ಎರಡರಷ್ಟಾಗಿ ಕಾಣುತ್ತದೆ. ಮೂರು ಮೀಟರ್ ಹಿಂದೆ ಸರಿದರೆ ಬರೀ ಐದನೇ ಒಂದು ಭಾಗ ಹೆಚ್ಚು. ಆದ್ದರಿಂದ ಶಹಾಬಾದಿ ಕಲ್ಲಿನ ನೆಲದ ಮೇಲೆ ಮೂರು ಮೀಟರ್ ಅಳೆದು ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲಿಂದ ಎರಡರಷ್ಟು ಜೂಮ್ ಮಾಡಿ ತೆಗೆಯುತ್ತೇನೆ.

ಎರಡನೆಯದು ಎತ್ತರದ ವಿಷಯ. ಕೆಳಗಿನಿಂದ ಮೇಲಕ್ಕೆ ನೋಡುವ ಮೊಬೈಲ್ ಉಂಗುರ ಬೆರಳಿನ ಬಗ್ಗೆ ತಪ್ಪು ಹೇಳುತ್ತದೆ. ಅದು ಹೇಗೆಂಬುದು ಮುಂದೆ ಬರುತ್ತದೆ. ಸದ್ಯಕ್ಕೆ ನಿಯಮ ಇಷ್ಟು: ಮೊಬೈಲಿನ ಕಣ್ಣು ಕೈಯ ಎತ್ತರದಲ್ಲಿರಬೇಕು. ಕಿರೀಟದ ನಿಲುವಿನಲ್ಲಿ ಕೈ ತಲೆಯ ಮಟ್ಟಕ್ಕೆ ಬರುತ್ತದೆ. ಒಂದು ಮೊಬೈಲ್ ಟ್ರೈಪಾಡ್ ಮೇಲೆ ಎದುರಿಗೆ ನಿಂತಿತು. ಇನ್ನೊಂದನ್ನು ಮೇಜಿನ ಮೇಲಿಟ್ಟ ಕುರ್ಚಿಯ ಬೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಹುಡುಗಿಯ ಬಲಗಡೆಗೆ ಇಟ್ಟೆ. ಅಂಗೈ ಮುಂದಕ್ಕೆ ತೋರಿಸಿ ಎತ್ತಿದ ಬಲಗೈಯಲ್ಲಿ ಹೆಬ್ಬೆರಳು ತಲೆಯ ಕಡೆಗೆ, ಕಿರುಬೆರಳು ಹೊರಗಡೆಗೆ ಇರುತ್ತದೆ. ಹೀಗಾಗಿ ಬಲಗಡೆಯಿಂದ ಕಿರುಬೆರಳು ಅಡ್ಡಿಯಿಲ್ಲದೆ ಕಾಣುತ್ತದೆ. ಎಡಗೈಗೆ ಮೊಬೈಲನ್ನು ಎಡಕ್ಕೆ ಸಾಗಿಸಬೇಕು.

ಮೊಬೈಲಿನ ಒಳಗೂ ಒಂದೆರಡು ಸೆಟ್ಟಿಂಗ್ ಬದಲಿಸಬೇಕಾಯಿತು. ಮುಖವನ್ನು ನುಣುಪಾಗಿಸುವ ಬ್ಯೂಟಿ ಮೋಡ್ ಬೆರಳ ಗೆಣ್ಣುಗಳ ಗೆರೆಗಳನ್ನೂ ಅಳಿಸಿಬಿಡುತ್ತದೆ, ಅದನ್ನು ನಿಲ್ಲಿಸಿದೆ. ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸುವಂತೆ ಹೇಳಿದೆ. ಇಲ್ಲದಿದ್ದರೆ ಗಾತ್ರ ಕುಗ್ಗಿ ಉಗುರಿನ ಅಂಚು ಕರಗಿಹೋಗುತ್ತದೆ. ಸೆಲ್ಫಿ ಕ್ಯಾಮೆರಾ ಬೇಡವೇ ಬೇಡ, ಎಷ್ಟೋ ಮೊಬೈಲ್‌ಗಳಲ್ಲಿ ಅದು ಎಡಬಲವನ್ನು ಕನ್ನಡಿಯಂತೆ ತಿರುಗಿಸಿ ಉಳಿಸಿಕೊಳ್ಳುತ್ತದೆ. ವೇಷ ಕಟ್ಟಿದ ಚಿತ್ರವಾದರೆ ತಲೆಯ ಮೇಲಿನ ಸೂರ್ಯ, ಚಂದ್ರ ನೋಡಿ ಇದನ್ನು ಕಂಡುಹಿಡಿಯಬಹುದು. ಸೂರ್ಯ ನರ್ತಕಿಯ ಬಲಕ್ಕೆ, ಚಂದ್ರ ಎಡಕ್ಕೆ. ಅದು ಅದಲುಬದಲಾಗಿದ್ದರೆ, ಯಾವ ಕೈಯ ಯಾವ ಹಸ್ತ ಎಂದು ಟೀಕೆ ಮಾಡುವ ಮೊದಲು ಚಿತ್ರವನ್ನು ತಿರುಗಿಸಿಕೊಳ್ಳಬೇಕು.

ಎರಡನೆಯ ಭಾನುವಾರ ಹುಡುಗಿಯನ್ನು ಗುರುತಿನ ಮೇಲೆ ನಿಲ್ಲಿಸಿದೆ. ಮೊದಲು ಯಾವ ಹಸ್ತವೂ ಇಲ್ಲದೆ, ಅಂಗೈಯನ್ನು ಚಪ್ಪಟೆಯಾಗಿ ಎತ್ತಿ ಹಿಡಿಸಿ ಒಂದು ಚಿತ್ರ. ಇದು ಆ ಮಗುವಿನ ಸ್ವಂತ ಅಳತೆಗೋಲು. ಒಬ್ಬೊಬ್ಬರ ಕಿರುಬೆರಳು ಒಂದೊಂದು ಉದ್ದ. ಕೆಲವರಿಗೆ ಅದು ಉಂಗುರ ಬೆರಳಿನ ತುದಿ ಗೆಣ್ಣನ್ನು ಮುಟ್ಟುತ್ತದೆ, ಕೆಲವರಿಗೆ ಅದಕ್ಕಿಂತ ಕೆಳಗೇ ನಿಲ್ಲುತ್ತದೆ. ಪಕ್ಕದ ಹುಡುಗಿಯ ಬೆರಳಿಗೆ ಹೋಲಿಸಿ ‘ನಿನ್ನದು ಬಾಗಿದೆ’ ಎನ್ನುವುದು ಅನ್ಯಾಯ. ಅನಂತರ ಕಿರೀಟದ ನಿಲುವು. ತಟ್ಟುಮಣೆಯ ಮೇಲೆ ಕೋಲಿನ ಪೆಟ್ಟು ಬಿದ್ದ ತಕ್ಷಣ ಎರಡು ಮೊಬೈಲ್‌ಗಳನ್ನೂ ಇಬ್ಬರು ಒತ್ತಬೇಕು. ನಿಲುವು ಹಿಡಿದು ನಿಂತಿರುವುದರಿಂದ ಅರೆಗಳಿಗೆ ಹೆಚ್ಚುಕಡಿಮೆಯಾದರೆ ತೊಂದರೆಯಿಲ್ಲ.

ಎದುರಿನ ಎರಡು ಚಿತ್ರಗಳನ್ನೂ ಅಂಗೈಯ ಅಗಲ 60 ಮಿಲಿಮೀಟರ್ ಬರುವ ಹಾಗೆ ಒಂದೇ ಅಳತೆಗೆ ಮುದ್ರಿಸಿದೆವು. ಚಪ್ಪಟೆ ಕೈಯಲ್ಲಿ ಕಿರುಬೆರಳು 48 ಮಿಲಿಮೀಟರ್. ತ್ರಿಪತಾಕದಲ್ಲಿ 42. ಕಣ್ಣಿಗೆ ನೇರವಾಗಿ ಕಂಡ ಬೆರಳು ಅಳತೆಪಟ್ಟಿಯ ಮುಂದೆ ಆರು ಮಿಲಿಮೀಟರ್ ಕಳೆದುಕೊಂಡಿತ್ತು. 42ನ್ನು 48ರಿಂದ ಭಾಗಿಸಿದರೆ 0.875. ಆ ಕೊಸೈನ್ ಬರುವುದು ಸುಮಾರು 29 ಡಿಗ್ರಿಗೆ. ಪಕ್ಕದ ಚಿತ್ರದ ಮೇಲೆ ಕೋನಮಾಪಕ ಇಟ್ಟು ನೋಡಿದರೆ 30ರ ಆಸುಪಾಸು. ಎದುರಿನ ಚಿತ್ರವೂ ಸತ್ಯವನ್ನು ಹೇಳಿತ್ತು, ಆದರೆ ಅಳತೆಯ ಭಾಷೆಯಲ್ಲಿ ಹೇಳಿತ್ತು. ಇಲ್ಲೊಂದು ಮಿತಿಯನ್ನು ನೆನಪಿಡಬೇಕು. ವಾಲಿಕೆ 15 ಡಿಗ್ರಿಗಿಂತ ಕಡಿಮೆಯಿದ್ದರೆ ಉದ್ದದ ವ್ಯತ್ಯಾಸ ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ, ಮುದ್ರಣದ ಮಸುಕಿನಲ್ಲೇ ಅದು ಮುಳುಗುತ್ತದೆ. ಅಲ್ಲಿ ಪಕ್ಕದ ಚಿತ್ರವೊಂದೇ ಗತಿ.

ಕಿರುಬೆರಳನ್ನು ಅಳೆಯುತ್ತಾ ಕುಳಿತಿದ್ದಾಗಲೇ ನನ್ನ ಕಣ್ಣು ಪಕ್ಕದ ಉಂಗುರ ಬೆರಳಿನ ಮೇಲೆ ಹೋಯಿತು. ಅದರ ಉಗುರು ಪೂರ್ತಿಯಾಗಿ ಕಾಣುತ್ತಿತ್ತು. ಆಹ್ವಾನ ಪತ್ರಿಕೆಯ ಚಿತ್ರವನ್ನು ತೆಗೆದು ನೋಡಿದೆ. ಅಲ್ಲಿಯೂ ಅಲ್ತಾ ಹಚ್ಚಿದ ಕೆಂಪು ತುದಿಯ ನಡುವೆ ಉಗುರಿನ ಹೊಳಪು. ಇಷ್ಟು ದಿನ ಅದನ್ನು ಕಂಡೂ ಕಾಣದವಳಾಗಿದ್ದೆ.

ಅಂಗೈಯನ್ನು ನಿಮ್ಮ ಮುಖದ ಕಡೆ ತಿರುಗಿಸಿ ಹಿಡಿದು ಉಂಗುರ ಬೆರಳನ್ನು ನಡು ಗೆಣ್ಣಿನಲ್ಲಿ ನಿಧಾನವಾಗಿ ಮಡಿಚಿ ನೋಡಿ. ಮೊದಲು ಹೆಬ್ಬೆಟ್ಟು ಒತ್ತುವಂತಹ ಮೆತ್ತನೆಯ ಭಾಗ ನಿಮಗೆ ಕಾಣುತ್ತಿರುತ್ತದೆ. ಬೆರಳು ಲಂಬಕೋನಕ್ಕೆ ಬಂದಾಗ ತುದಿ ನೇರ ನಿಮ್ಮತ್ತ ಮುಖ ಮಾಡುತ್ತದೆ, ಮೆತ್ತನೆಯ ಭಾಗ ಕೆಳಕ್ಕೆ ಹೋಗುತ್ತದೆ, ಉಗುರು ಮೇಲಕ್ಕೆ ಹೋಗುತ್ತದೆ, ಎರಡೂ ಸರಿಯಾಗಿ ಕಾಣುವುದಿಲ್ಲ. ಇನ್ನೂ ಮಡಿಚಿದರೆ ತುದಿ ಕೆಳಮುಖವಾಗಿ ಉಗುರು ನಿಮ್ಮತ್ತ ತಿರುಗುತ್ತದೆ. ಚಿತ್ರದಲ್ಲಿ ಉಂಗುರ ಬೆರಳಿನ ಎತ್ತರ ಮಾತ್ರ ನೋಡಿದರೆ ಲಂಬಕೋನಕ್ಕೂ ಅದಕ್ಕಿಂತ ಹೆಚ್ಚು ಸುರುಳಿಯಾದ ಬೆರಳಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಎರಡರಲ್ಲೂ ನಡು ಗೆಣ್ಣೇ ತುತ್ತತುದಿ. ಆದರೆ ಉಗುರು ಹೇಳಿಬಿಡುತ್ತದೆ. ಮೆತ್ತನೆಯ ಭಾಗ ಕಂಡರೆ ಬೆರಳು ಕಡಿಮೆ ಮಡಿಚಿದೆ, ಉಗುರು ಕಂಡರೆ ಹೆಚ್ಚು ಮಡಿಚಿದೆ, ಬರೀ ತುದಿಯ ಗುಂಡಗೆ ಕಂಡರೆ ಲಂಬಕೋನದ ಹತ್ತಿರವಿದೆ. ಶ್ಲೋಕ ‘ವಕ್ರಿತ’ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ನಾನು ಕಲಿತು ಕಲಿಸುವ ಪಾಠದಲ್ಲಿ ನಡು ಗೆಣ್ಣಿನಲ್ಲಿ ಲಂಬಕೋನ. ಬೇರೆ ಬಾನಿಯ, ಅಂದರೆ ಬೇರೆ ಗುರುಪರಂಪರೆಯ ಮಕ್ಕಳ ಚಿತ್ರಕ್ಕೆ ನನ್ನ ಕೋನಮಾಪಕ ಹಿಡಿಯುವ ಅಧಿಕಾರ ನನಗಿಲ್ಲ. ಪತಾಕದ ಹೆಬ್ಬೆರಳು ಎಷ್ಟು ಒಳಗೆ ಬರಬೇಕೆಂಬುದರಲ್ಲೂ ಪಾಠಾಂತರಗಳಿವೆ, ಅಲ್ಲಿಯೂ ಅದೇ ಮಾತು.

ಕೆಳಗಿನಿಂದ ನೋಡುವ ಮೊಬೈಲ್ ಏಕೆ ಕೆಲಸಕ್ಕೆ ಬಾರದು ಎಂಬುದು ಈಗ ತಿಳಿಯುತ್ತದೆ. ಕೆಳಗಿನಿಂದ ನೋಡಿದರೆ ಲಂಬಕೋನದ ಬೆರಳಿನ ಮೆತ್ತನೆಯ ಭಾಗ ಕಾಣುತ್ತದೆ, ಸುರುಳಿಯಾದ ಬೆರಳು ಕೂಡ ಸರಿಯಾದದ್ದರಂತೆ ತೋರುತ್ತದೆ. ರಂಗದ ಕೆಳಗೆ ನಿಂತು ಛಾಯಾಗ್ರಾಹಕರು ತೆಗೆದ ಕಾರ್ಯಕ್ರಮದ ಚಿತ್ರಗಳಲ್ಲಿ ತ್ರಿಪತಾಕವೆಲ್ಲ ಒಪ್ಪವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಉಗುರಿನ ಪರೀಕ್ಷೆ ಇನ್ನೊಂದು ಕಡೆಯಲ್ಲೂ ಮೋಸ ಮಾಡಬಹುದು. ಮಣಿಕಟ್ಟೇ ಮುಂದಕ್ಕೆ ಬಿದ್ದಿದ್ದರೆ ಲಂಬಕೋನದ ಬೆರಳಿನ ಉಗುರೂ ಕಾಣುತ್ತದೆ. ಆಗ ನಡುಬೆರಳನ್ನು ಚಪ್ಪಟೆ ಕೈಯ ಚಿತ್ರದೊಂದಿಗೆ ಅಳೆದು ನೋಡಬೇಕು. ಅದೂ ಗಿಡ್ಡವಾಗಿದ್ದರೆ ದೋಷ ಮಣಿಕಟ್ಟಿನದು, ಉಂಗುರ ಬೆರಳಿನದಲ್ಲ. ನಮ್ಮ ಹುಡುಗಿಯ ನಡುಬೆರಳು ಎರಡೂ ಚಿತ್ರಗಳಲ್ಲಿ ಒಂದೇ ಉದ್ದವಿತ್ತು. ಮಣಿಕಟ್ಟು ನೆಟ್ಟಗಿತ್ತು, ಬೆರಳೇ ಹೆಚ್ಚು ಸುತ್ತಿಕೊಂಡಿತ್ತು.

ಕಿರುಬೆರಳ ವಾಲಿಕೆಗೂ ಉಂಗುರ ಬೆರಳ ಸುರುಳಿಗೂ ಸಂಬಂಧವಿದೆಯೇ? ಇದೆ, ಮತ್ತು ಇಡೀ ದುರಸ್ತಿ ನಿಂತದ್ದೇ ಅದರ ಮೇಲೆ. ಬೆರಳನ್ನು ಮಡಿಚುವ ಸ್ನಾಯುಗಳು ಮುಂಗೈಯಲ್ಲಿ ಎರಡು ಪದರವಾಗಿವೆ. ಮೇಲಿನ ಪದರದ ಸ್ನಾಯುರಜ್ಜು ನಡು ಗೆಣ್ಣನ್ನು ಮಡಿಚುತ್ತದೆ, ಆಳದ ಪದರದ್ದು ತುದಿ ಗೆಣ್ಣಿನವರೆಗೂ ಹೋಗಿ ಅದನ್ನು ಮಡಿಚುತ್ತದೆ. ಮೇಲಿನ ಪದರದಲ್ಲಿ ಬೆರಳುಗಳಿಗೆ ಸಾಕಷ್ಟು ಸ್ವಾತಂತ್ರ್ಯವಿದೆ. ಆಳದ ಪದರದಲ್ಲಿ ನಡು, ಉಂಗುರ, ಕಿರುಬೆರಳುಗಳು ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳಂತೆ, ಒಂದನ್ನು ಎಳೆದರೆ ಪಕ್ಕದ್ದೂ ಬರುತ್ತದೆ. ಹುಡುಗಿ ಬೆರಳಿನ ತುದಿಯನ್ನೂ ಬಿಗಿದು ಮಡಿಚುತ್ತಿದ್ದಳು, ಆದ್ದರಿಂದ ಉಗುರು ಕಾಣುತ್ತಿತ್ತು. ಆ ಬಿಗಿತಕ್ಕೆ ಆಳದ ಪದರ ಕೆಲಸ ಮಾಡಿ ಕಿರುಬೆರಳನ್ನೂ ಮುಂದಕ್ಕೆ ಎಳೆಯುತ್ತಿತ್ತು. ಎದುರಿನ ಚಿತ್ರದಲ್ಲಿ ಕಂಡ ಉಗುರೂ ಪಕ್ಕದ ಚಿತ್ರದಲ್ಲಿ ಕಂಡ ವಾಲಿಕೆಯೂ ಒಂದೇ ತಪ್ಪಿನ ಎರಡು ಮುಖಗಳು.

ಇದನ್ನು ತಿಳಿಯುವ ಮೊದಲು ನಾನು ಮಾಡಿದ ತಿದ್ದುಪಡಿಯನ್ನೂ ಬರೆಯಬೇಕು. ‘ಕಿರುಬೆರಳು ನೆಟ್ಟಗೆ ಮಾಡು’ ಎಂದಷ್ಟೇ ಹೇಳಿದ್ದೆ. ಪಾಪ, ಅವಳು ಇಡೀ ಕೈ ಬಿಗಿದಳು. ಪಕ್ಕದ ಚಿತ್ರದಲ್ಲಿ ವಾಲಿಕೆ 20 ಡಿಗ್ರಿಗೆ ಇಳಿಯಿತು. ನನಗೆ ಸಂತೋಷವೂ ಆಯಿತು. ಎದುರಿನ ಚಿತ್ರ ತೆರೆದಾಗ ಕಿರುಬೆರಳು ಹೊರಗಡೆಗೆ ಸಿಡಿದು ನಿಂತಿತ್ತು, ಅಂಟಿಕೊಂಡಿದ್ದ ತೋರುಬೆರಳು ನಡುಬೆರಳುಗಳ ನಡುವೆ ನೀಲಿ ಪರದೆ ಇಣುಕುತ್ತಿತ್ತು, ಹೆಬ್ಬೆರಳು ಬದಿಯಿಂದ ಕಿತ್ತುಕೊಂಡು ಬಂದಿತ್ತು. ‘ಪ್ರಸೃತ’ವನ್ನು ಸರಿಮಾಡಲು ಹೋಗಿ ‘ಸಂಶ್ಲಿಷ್ಟ’ವನ್ನೂ ‘ಕುಂಚಿತಾಂಗುಷ್ಠ’ವನ್ನೂ ಕೆಡಿಸಿದ್ದೆ. ಒಂದೇ ಮೊಬೈಲ್ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಮೂರನೆಯ ಭಾನುವಾರ ದಾರಿ ಬದಲಿಸಿದೆ. ಹುಡುಗಿಯನ್ನು ನೆಲದ ಮೇಲೆ ಕೂರಿಸಿ, ಬಲಗೈಯನ್ನು ಅಂಗೈ ಮೇಲಾಗಿ ಪುಟ್ಟ ಮಣೆಯ ಮೇಲೆ ಇಡಿಸಿದೆ. ತೋರು, ನಡು, ಕಿರುಬೆರಳುಗಳನ್ನು ಅವಳ ಎಡಗೈಯಿಂದಲೇ ಮೆಲ್ಲಗೆ ಮಣೆಗೆ ಒತ್ತಿ ಹಿಡಿಯುವಂತೆ ಹೇಳಿದೆ. ಹೀಗೆ ಹಿಡಿದಾಗ ಆಳದ ಪದರ ಎಳೆಯಲಾಗುವುದಿಲ್ಲ. ಈಗ ಉಂಗುರ ಬೆರಳನ್ನು ಎತ್ತಿದರೆ ಮೇಲಿನ ಪದರವೊಂದೇ ಕೆಲಸ ಮಾಡಿ, ಬೆರಳು ನಡು ಗೆಣ್ಣಿನಲ್ಲಿ ಮಡಿಚುತ್ತದೆ. ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಮಡಿಚಿದ ಬೆರಳಿನ ತುದಿಯನ್ನು ನಾನು ನನ್ನ ತೋರುಬೆರಳಿನಿಂದ ತಟ್ಟಿದೆ. ಅದು ಸಡಿಲವಾಗಿ, ತೂಗಾಡುವ ಗೆಜ್ಜೆಯ ಹಾಗೆ ಅಲ್ಲಾಡಿತು.

‘ಟೀಚರ್, ನನ್ನ ಬೆರಳು ಸತ್ತುಹೋದ ಹಾಗಿದೆ’ ಎಂದಳು.

‘ಹಾಗೆಯೇ ಇರಬೇಕು ಕಂದಾ. ತುದಿಯನ್ನು ಮರೆತುಬಿಡು. ನಡು ಗೆಣ್ಣಿನ ಮೇಲೆ ಮಾತ್ರ ಗಮನ ಇಡು’ ಎಂದೆ.

ತುದಿ ಸಡಿಲವಾದರೆ ಹಸ್ತ ಸೊರಗಿ ಕಾಣುವುದಿಲ್ಲವೇ ಎಂಬ ಅನುಮಾನ ನನಗೂ ಇತ್ತು. ಚಿತ್ರ ನೋಡಿದ ಮೇಲೆ ಅದು ಹೋಯಿತು. ತುದಿ ಬಿಗಿಯದಿದ್ದರೂ ಅದು ನಡು ಭಾಗದ ನೇರಕ್ಕೇ ನಿಲ್ಲುತ್ತದೆ, ಜೋಲುವುದಿಲ್ಲ. ನೋಡುವವರಿಗೆ ಅದು ಶುದ್ಧವಾದ ಒಂದೇ ಕೋನ. ಮೊದಲು ಇದ್ದದ್ದು ಕೊಕ್ಕೆ.

ದಿನಕ್ಕೆ ಐದು ನಿಮಿಷ, ಹೀಗೆ ಹಿಡಿದುಕೊಂಡು ಹತ್ತು ಬಾರಿ, ಬಿಟ್ಟು ಹತ್ತು ಬಾರಿ. ನೋವಾದರೆ ನಿಲ್ಲಿಸಬೇಕು. ಬೆರಳನ್ನು ಹಿಂದಕ್ಕೆ ಒತ್ತಿ ಬಗ್ಗಿಸುವ ಹಳೆಯ ಅಭ್ಯಾಸವನ್ನು ನಾನು ಮಾಡಿಸುವುದಿಲ್ಲ. ಅದು ಬುಡದ ಗೆಣ್ಣನ್ನು ಸಡಿಲಿಸುತ್ತದೆಯೇ ಹೊರತು ಸ್ನಾಯುವಿಗೆ ಏನೂ ಕಲಿಸುವುದಿಲ್ಲ. ವಾರದ ಮಧ್ಯೆ ಕೂತಲ್ಲಿಂದ ನಿಂತು ಮಾಡಿಸಿದೆ, ಅನಂತರ ಅರಮಂಡಿಯಲ್ಲಿ. ಅರಮಂಡಿಯಲ್ಲಿ ಮತ್ತೆ ಕೆಟ್ಟಿತು. ತೊಡೆ ದಣಿದಾಗ ಕೈ ಬಿಗಿಯುವುದು ಎಲ್ಲ ಮಕ್ಕಳಲ್ಲೂ ಇದೆ. ಆದ್ದರಿಂದ ನಿಲುವಿಗೆ ಇಳಿದ ಕೂಡಲೇ ಒಂದು ಚಿತ್ರ, ಹದಿನಾರು ಎಣಿಸಿದ ಮೇಲೆ ಇನ್ನೊಂದು ಚಿತ್ರ ಎಂದು ಮಾಡಿಕೊಂಡೆ. ಮೊದಲನೆಯದು ಕಲಿತದ್ದನ್ನು ತೋರಿಸುತ್ತದೆ, ಎರಡನೆಯದು ಉಳಿದದ್ದನ್ನು ತೋರಿಸುತ್ತದೆ. ಮೂರನೆಯ ವಾರದಲ್ಲಿ ಮೊದಲ ಚಿತ್ರದ ವಾಲಿಕೆ 12 ಡಿಗ್ರಿ, ಎರಡನೆಯದರದ್ದು 22.

ಈ ನಡುವೆ ಒಂದು ಚಿತ್ರವನ್ನು ಲೆಕ್ಕಕ್ಕೆ ಹಿಡಿಯದೆ ಎತ್ತಿಟ್ಟೆ. ಅದರಲ್ಲಿ ಕಿರುಬೆರಳು ಉಂಗುರ ಬೆರಳಿಗೆ ಬೆರೆತು ಒಂದೇ ದಪ್ಪ ಬೆರಳಿನಂತೆ ಕಾಣುತ್ತಿತ್ತು. ಇದ್ಯಾವ ಹಸ್ತ ಎಂದು ಗಾಬರಿಯಾಯಿತು. ಗಮನಿಸಿದರೆ ಅವಳ ಬಳೆಯ ಅಂಚು ಚೂಪಾಗಿತ್ತು, ಬೆರಳ ತುದಿಗಳು ಮಾತ್ರ ಮಂಜು ಮಂಜಾಗಿದ್ದವು. ಮೋಡ ಕವಿದ ಬೆಳಗ್ಗೆ, ಬೆಳಕು ಕಡಿಮೆ, ಮೊಬೈಲ್ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟಿದೆ. ಅಷ್ಟರಲ್ಲಿ ಬೆರಳು ಅಲುಗಿದೆ. ಬಳೆ ಸ್ಪಷ್ಟವಿದ್ದು ಬೆರಳ ತುದಿ ಮಸುಕಾಗಿದ್ದರೆ ಅದು ಚಲನೆಯ ಗುರುತು. ಅಂತಹ ಚಿತ್ರದಲ್ಲಿ ಬೆರಳುಗಳನ್ನು ಎಣಿಸಲೂ ಹೋಗಬಾರದು.

ನಾಲ್ಕನೆಯ ಭಾನುವಾರದ ಚಿತ್ರಗಳು ನನ್ನ ಮುಂದಿವೆ. ಓದುವ ಕ್ರಮ ಈಗ ನನಗೆ ಕೈಗೆ ಕೂತಿದೆ. ತೂಗುಗುಂಡಿನ ದಾರ ನೆಟ್ಟಗಿದೆ. ನಡುಬೆರಳು ಚಪ್ಪಟೆ ಕೈಯಷ್ಟೇ ಉದ್ದ, ಅಂದರೆ ಮಣಿಕಟ್ಟು ವಾಲಿಲ್ಲ, ಅಂಗೈ ನೇರ ಎದುರಿಗಿದೆ. ಹೆಬ್ಬೆರಳು ಮಡಿಚಿ ತೋರುಬೆರಳಿನ ಬದಿಗೆ ಅಂಟಿದೆ. ತೋರು, ನಡುಬೆರಳುಗಳ ನಡುವೆ ನೀಲಿ ಇಲ್ಲ. ಉಂಗುರ ಬೆರಳಿನ ಜಾಗದಲ್ಲಿ ಕಾಣುವುದು ತುದಿಯ ಗುಂಡಗಿನ ಕೆಂಪು ಬೊಟ್ಟು, ಉಗುರಿನ ಒಂದು ಎಳೆ ಮಾತ್ರ ಅದರ ನೆತ್ತಿಯಲ್ಲಿ. ಅಂಗೈ ಮೇಲೆ ಆ ಬೆರಳಿನ ನೆರಳು ಉದ್ದವಾಗಿ, ಓರೆಯಾಗಿ ಬಿದ್ದಿದೆ. ಬೆರಳು ಅಂಗೈಯಿಂದ ಪೂರ್ತಿ ಎದ್ದು ನಿಂತಿದೆ ಎಂದು ಅದು ಹೇಳುತ್ತದೆ. ಕಿರುಬೆರಳು 47 ಮಿಲಿಮೀಟರ್. ಪಕ್ಕದ ಚಿತ್ರದಲ್ಲಿ ವಾಲಿಕೆ ನಿಲುವಿಗೆ ಇಳಿದಾಗ 8 ಡಿಗ್ರಿ, ಹದಿನಾರು ಎಣಿಸಿದ ಮೇಲೆ 13. ಕೋನಮಾಪಕದ ಓದಿನಲ್ಲಿ ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಆದ್ದರಿಂದ 8ನ್ನು ಸೊನ್ನೆ ಮಾಡಲು ನಾನು ಹಟ ಹಿಡಿಯುವುದಿಲ್ಲ.

ಪರೀಕ್ಷೆಗೆ ಇನ್ನು ಆರು ವಾರ. ಎಡಗೈಯನ್ನು ಇನ್ನೂ ಮುಟ್ಟಿಲ್ಲ. ಎದುರಿನ ಚಿತ್ರದಲ್ಲಿ ಅದರ ಉಂಗುರ ಬೆರಳಿನ ಉಗುರು ಪೂರ್ತಿಯಾಗಿ ಕಾಣುತ್ತಿದೆ. ನಾಳೆ ಸಂಜೆ ಮೇಜು ಕುರ್ಚಿಗಳನ್ನು ಎಡಗಡೆಗೆ ಸಾಗಿಸಿ, ಅಲ್ಲಿಯೂ ಮೂರು ಮೀಟರ್ ಅಳೆದು ಸೀಮೆಸುಣ್ಣದ ಗುರುತು ಹಾಕಬೇಕು.